ಪ್ರಾಜೆಕ್ಟ್ ಎಲ್ಲಿ ಮುಗಿಯುತ್ತದೆ, ಪ್ರಾಡಕ್ಟ್ ಎಲ್ಲಿಂದ ಮುಂದುವರಿಯುತ್ತದೆ: ವಿಚಾರದಿಂದ ಮುಕ್ತಾಯದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಲೈಫ್ ಸೈಕಲ್ ಮತ್ತು ಪ್ರಾಡಕ್ಟ್ ಲೈಫ್ ಸೈಕಲ್, ಈ ಎರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೊದಲ ನೋಟಕ್ಕೆ ಒಂದೇ ತರ ಕಾಣುತ್ತವೆ. ಎರಡರಲ್ಲೂ ಗೆರೆ ಕೆಳಗಿನಿಂದ ಶುರುವಾಗಿ, ಮೇಲಕ್ಕೇರಿ, ಕೊನೆಗೆ ಇಳಿಯುತ್ತದೆ. ಆದರೆ ಆ ಗೆರೆಗಳು ಹೇಳುತ್ತಿರುವುದು ಬೇರೆ ಬೇರೆ ಸಂಗತಿ. ಪ್ರಾಜೆಕ್ಟ್‌ನ ಗೆರೆ ತಿಂಗಳು ತಿಂಗಳು ಎಷ್ಟು ಜನ ದುಡಿದರು, ಎಷ್ಟು ಖರ್ಚಾಯಿತು ಅನ್ನುವುದನ್ನು ತೋರಿಸುತ್ತದೆ. ಪ್ರಾಡಕ್ಟ್‌ನ ಗೆರೆ ತೋರಿಸುವುದು ಮಾರಾಟವನ್ನು. ಒಂದರ ಕೊನೆಯ ತುದಿ ಇನ್ನೊಂದರ ಮೊದಲ ತುದಿಗೆ ತಾಗುತ್ತದೆ. ಆ ತಾಗುವ ಜಾಗದಲ್ಲಿಯೇ ಜಾಸ್ತಿ ಕೆಲಸಗಳು ಕೈಬಿಟ್ಟು ಹೋಗುತ್ತವೆ. ಹಾಗಾಗಿ ಈ ಬರಹದಲ್ಲಿ ಹಂತಗಳನ್ನೆಲ್ಲ ಹೇಳಿದರೂ ನನ್ನ ಗಮನ ಹೆಚ್ಚಾಗಿ ಆ ಜಾಗದ ಮೇಲೆ, ಅಂದರೆ ಮುಕ್ತಾಯ ಮತ್ತು ಹಸ್ತಾಂತರದ ಮೇಲೆ ಇರುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಮನೆಯ ಸಿಂಕ್ ಕೆಳಗೆ ಇಡುವ ಪುಟ್ಟ ಉಪಕರಣ ಒಂದಿದೆ ಅಂದುಕೊಳ್ಳಿ. ನೀರು ಸೋರಿದರೆ ಕೂಗುತ್ತದೆ, ವೈಫೈ ಮೂಲಕ ಫೋನಿಗೂ ಸಂದೇಶ ಕಳಿಸುತ್ತದೆ. ಬ್ಯಾಟರಿಯಿಂದ ನಡೆಯುತ್ತದೆ. ಒಂದು ಬ್ಯಾಟರಿ 24 ತಿಂಗಳು ಬರುತ್ತದೆ ಅಂತ ಡಬ್ಬದ ಮೇಲೆ ಬರೆಯಬೇಕು ಅನ್ನುವುದು ಕಂಪನಿಯ ಆಸೆ. ಇದಕ್ಕೆ ಬೇಕಾದ ಒಟ್ಟು ಬಜೆಟ್ಟನ್ನು 100 ಪಾಲು ಅಂತ ಇಟ್ಟುಕೊಳ್ಳೋಣ, ಲೆಕ್ಕ ಹಾಕುವುದು ಸುಲಭ. ಸಮಯ 40 ವಾರ.

## ವಿಚಾರ: ಪ್ರಾಡಕ್ಟ್‌ನ ಪ್ರಶ್ನೆ ಮೊದಲು, ಪ್ರಾಜೆಕ್ಟ್‌ನ ಪ್ರಶ್ನೆ ಆಮೇಲೆ

"ಇಂಥದ್ದೊಂದು ಮಾಡಿದರೆ ಹೇಗೆ" ಅನ್ನುವ ಹೊತ್ತಿಗೆ ಇನ್ನೂ ಪ್ರಾಜೆಕ್ಟ್ ಹುಟ್ಟಿರುವುದಿಲ್ಲ. ಈಗ ಕೇಳಬೇಕಾದದ್ದು ಪ್ರಾಡಕ್ಟ್ ಬಗ್ಗೆ. ಯಾರು ಕೊಳ್ಳುತ್ತಾರೆ? ಈಗ ಅವರು ಏನು ಮಾಡಿಕೊಂಡಿದ್ದಾರೆ? ಎಷ್ಟು ವರ್ಷ ಮಾರಬಹುದು? ಇದರ ಉತ್ತರವನ್ನು ಎರಡು ಮೂರು ಪುಟದಲ್ಲಿ ಬರೆದಿಟ್ಟರೆ ಅದೇ ಬಿಸಿನೆಸ್ ಕೇಸ್.

ನಮ್ಮ ಉಪಕರಣಕ್ಕೆ ಲೆಕ್ಕ ಹೀಗಿದೆ ಅನ್ನಿ. ಹಾಕಿದ 100 ಪಾಲು ವಾಪಸ್ ಬರಬೇಕಾದರೆ 20,000 ಉಪಕರಣ ಮಾರಾಟವಾಗಬೇಕು. ಮೊದಲ ವರ್ಷ 8,000, ಎರಡನೇ ವರ್ಷ 16,000 ಹೋಗಬಹುದು ಅನ್ನುವುದು ಅಂದಾಜು. ಅಂದರೆ ಎರಡನೇ ವರ್ಷದ ಒಂಬತ್ತನೇ ತಿಂಗಳ ಹೊತ್ತಿಗೆ ಹಾಕಿದ ದುಡ್ಡು ಬಂದಿರುತ್ತದೆ. ಈ ಒಂದು ಸಾಲನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ. ಮುಂದೆ ಪ್ರಾಜೆಕ್ಟ್ ತಡವಾದಾಗ ಅಥವಾ ಖರ್ಚು ಏರಿದಾಗ "ಪರವಾಗಿಲ್ಲವಾ?" ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಂದಲೇ.

ಈ ಹಂತದಲ್ಲಿ "ಬೇಡ" ಅನ್ನುವುದು ಅತಿ ಅಗ್ಗದ ತೀರ್ಮಾನ. ಅನಿಶ್ಚಿತತೆ ಈಗಲೇ ಅತಿ ಹೆಚ್ಚು, ಖರ್ಚು ಆಗಿರುವುದು ಅತಿ ಕಡಿಮೆ. ದಿನ ಕಳೆದಂತೆ ಇದು ತಿರುಗುಮುರುಗಾಗುತ್ತದೆ. ಕಾಗದದ ಮೇಲೆ ಒಂದು ಗೆರೆ ಅಳಿಸಿ ಸರಿಪಡಿಸುವ ತಪ್ಪು, ಅಚ್ಚು ಹೊಯ್ದ ಮೇಲೆ ವಾರಗಟ್ಟಲೆ ಕೆಲಸ ತಿನ್ನುತ್ತದೆ.

## ಚಾರ್ಟರ್: ಶುರುವಿನಲ್ಲೇ ಕೊನೆಯನ್ನು ಬರೆಯುವುದು

ಬಿಸಿನೆಸ್ ಕೇಸ್ ಒಪ್ಪಿಗೆಯಾದರೆ ಚಾರ್ಟರ್ ಬರುತ್ತದೆ. ಇದು ಒಂದೆರಡು ಪುಟದ ಪತ್ರ. ಇದಕ್ಕೆ ಸ್ಪಾನ್ಸರ್, ಅಂದರೆ ದುಡ್ಡು ಕೊಟ್ಟು ಪ್ರಾಜೆಕ್ಟ್‌ನ ಬೆನ್ನಿಗೆ ನಿಲ್ಲುವವರು, ಸಹಿ ಹಾಕಿದ ದಿನದಿಂದ ಪ್ರಾಜೆಕ್ಟ್ ಶುರು. ಗುರಿ, ಬಜೆಟ್, ಸಮಯ, ಪ್ರಾಜೆಕ್ಟ್ ಮ್ಯಾನೇಜರ್ ಯಾರು, ಅವರ ಅಧಿಕಾರ ಎಷ್ಟು ಅನ್ನುವುದೆಲ್ಲ ಎಲ್ಲ ಚಾರ್ಟರ್‌ಗಳಲ್ಲೂ ಇರುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಟ್ಟುಹೋಗುವುದು ಎರಡು ಸಾಲುಗಳು.

ಮೊದಲನೆಯದು, ಯಾವಾಗ ಪ್ರಾಜೆಕ್ಟ್ ಮುಗಿಯಿತು ಅಂತ ಕರೆಯುತ್ತೇವೆ ಅನ್ನುವುದು. "ಉಪಕರಣ ಮಾರುಕಟ್ಟೆಗೆ ಬಂದಾಗ" ಅಂತ ಬರೆದರೆ ಸಾಲದು. ಮಾರುಕಟ್ಟೆಗೆ ಬಂದ ಮೇಲೂ ದೂರುಗಳು ಬರುತ್ತವೆ, ಆ್ಯಪ್‌ಗೆ ಅಪ್‌ಡೇಟ್ ಬೇಕಾಗುತ್ತದೆ. ಅದನ್ನೆಲ್ಲ ಪ್ರಾಜೆಕ್ಟ್ ಟೀಮೇ ಮಾಡುತ್ತಾ ಹೋದರೆ ಆ ಪ್ರಾಜೆಕ್ಟ್ ಎಂದಿಗೂ ಮುಗಿಯುವುದಿಲ್ಲ. ಅಳೆಯಲು ಬರುವ ಹಾಗೆ ಬರೆಯಿರಿ: "ಪ್ರಾಯೋಗಿಕ ಉತ್ಪಾದನೆಯ 200 ಉಪಕರಣಗಳಲ್ಲಿ ಕನಿಷ್ಠ 196 ಎಲ್ಲ ಪರೀಕ್ಷೆ ಪಾಸಾಗಬೇಕು. ಬ್ಯಾಟರಿ 24 ತಿಂಗಳು ಬರುತ್ತದೆ ಅನ್ನುವುದಕ್ಕೆ ಅಳತೆಯ ದಾಖಲೆ ಇರಬೇಕು. ಸಹಾಯವಾಣಿಯ ಸಿಬ್ಬಂದಿ ಪ್ರಾಜೆಕ್ಟ್ ಟೀಮ್‌ನ ನೆರವಿಲ್ಲದೆ ನಾಲ್ಕು ವಾರ ಪ್ರಾಯೋಗಿಕ ಉಪಕರಣಗಳ ದೂರುಗಳನ್ನು ನಿಭಾಯಿಸಿರಬೇಕು."

ಎರಡನೆಯದು, ಮುಗಿದ ಮರುದಿನ ಇದು ಯಾರ ಕೈಯಲ್ಲಿರುತ್ತದೆ ಅನ್ನುವುದು. ಒಂದು ವಿಭಾಗದ ಹೆಸರು ಸಾಲದು, ಒಬ್ಬ ಮನುಷ್ಯರ ಹೆಸರು ಬೇಕು. ಸಾಮಾನ್ಯವಾಗಿ ಅದು ಪ್ರಾಡಕ್ಟ್ ಮ್ಯಾನೇಜರ್. ಅವರು ಮೊದಲ ದಿನದಿಂದಲೇ ಮೀಟಿಂಗ್‌ಗಳಲ್ಲಿ ಇರಬೇಕು. ಕೊನೆಯ ವಾರದಲ್ಲಿ ಕರೆದು ಕೈಗೆ ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕೂ ಇಲ್ಲ, ಅಲ್ವಾ? ತಾವು ನೋಡದೇ ಇದ್ದ ತೀರ್ಮಾನಗಳ ಹೊಣೆ ಹೊರುವುದು ಯಾರಿಗೂ ಇಷ್ಟವಾಗುವುದಿಲ್ಲ.

## ಪ್ಲಾನಿಂಗ್: ಯಾವ ಕೆಲಸ ಮಿಕ್ಕೆಲ್ಲವನ್ನೂ ಕಾಯಿಸುತ್ತದೆ?

ನಮ್ಮ 40 ವಾರಗಳನ್ನು ಹೀಗೆ ಹಂಚೋಣ: ಪ್ಲಾನಿಂಗ್‌ಗೆ 6, ವಿನ್ಯಾಸ ಮತ್ತು ಪರೀಕ್ಷೆಗೆ 24, ಪ್ರಾಯೋಗಿಕ ಉತ್ಪಾದನೆಗೆ 6, ಹಸ್ತಾಂತರಕ್ಕೆ 4. ಹಸ್ತಾಂತರಕ್ಕೆ ವಾರಗಳನ್ನೂ ದುಡ್ಡನ್ನೂ ಈಗಲೇ ತೆಗೆದಿಡುವುದು ಮುಖ್ಯ. "ಕೊನೆಗೆ ನೋಡಿಕೊಳ್ಳೋಣ" ಅಂದರೆ ಕೊನೆಗೆ ಎರಡೂ ಇರುವುದಿಲ್ಲ.

ಕೆಲಸವನ್ನು ತುಂಡು ಮಾಡುವಾಗ ಒಂದು ಅಳತೆ ಇಟ್ಟುಕೊಳ್ಳಿ. ಪ್ರತಿ ತುಂಡಿಗೂ ಒಬ್ಬ ಹೊಣೆಗಾರ ಇರಬೇಕು, ಅದು ಮುಗಿದಿದೆಯೋ ಇಲ್ಲವೋ ಅಂತ ನೋಡಿ ಹೇಳಲು ಬರಬೇಕು, ಒಂದೆರಡು ವಾರಕ್ಕಿಂತ ದೊಡ್ಡದಾಗಿರಬಾರದು. "ಸಾಫ್ಟ್‌ವೇರ್ ಅಭಿವೃದ್ಧಿ, 14 ವಾರ" ಅನ್ನುವ ತುಂಡು ಏನೂ ಹೇಳುವುದಿಲ್ಲ. ಅದು ಹದಿಮೂರನೇ ವಾರದವರೆಗೂ ಶೇ. 90 ಮುಗಿದಿದೆ ಅಂತಲೇ ಇರುತ್ತದೆ.

ಆಮೇಲೆ ಯಾವುದರ ಹಿಂದೆ ಯಾವುದು ಅನ್ನುವ ಸರಪಳಿ ಬರೆಯಿರಿ. ಅದರಲ್ಲಿ ಅತಿ ಉದ್ದದ ದಾರಿಯೇ ಕ್ರಿಟಿಕಲ್ ಪಾತ್. ನಮ್ಮ ಉಪಕರಣದಲ್ಲಿ ಅದು ಪ್ಲಾಸ್ಟಿಕ್ ಹೊರಕವಚದ ಅಚ್ಚಿನ ಮೂಲಕ ಹೋಗುತ್ತದೆ. ಅಚ್ಚು ತಯಾರಾಗಲು 10 ವಾರ ಬೇಕು. ಒಳಗಿನ ಸರ್ಕ್ಯೂಟ್ ಬೋರ್ಡ್ ಮತ್ತು ಬ್ಯಾಟರಿಯ ಗಾತ್ರ ಖಚಿತವಾಗುವವರೆಗೆ ಅಚ್ಚಿನ ಆರ್ಡರ್ ಕೊಡಲು ಬರುವುದಿಲ್ಲ. ಹಾಗಾಗಿ ಗಾತ್ರ ಖಚಿತವಾಗುವುದು ಒಂದು ವಾರ ತಡವಾದರೆ ಇಡೀ ಪ್ರಾಜೆಕ್ಟ್ ಒಂದು ವಾರ ತಡ. ಆದರೆ ಫೋನ್ ಆ್ಯಪ್‌ನ ಬಣ್ಣ ಯಾವುದು ಅನ್ನುವ ಚರ್ಚೆ ಎರಡು ವಾರ ಎಳೆದರೂ ಕೊನೆಯ ದಿನಾಂಕ ಕದಲುವುದಿಲ್ಲ. ಮ್ಯಾನೇಜರ್ ಗಮನ ಎಲ್ಲಿರಬೇಕು ಅನ್ನುವುದನ್ನು ಈ ಸರಪಳಿ ಹೇಳುತ್ತದೆ.

ರಿಸ್ಕ್ ಪಟ್ಟಿಯನ್ನೂ ಈಗಲೇ ಮಾಡಬೇಕು. "ಪೂರೈಕೆ ತೊಂದರೆ" ಅಂತ ಎರಡು ಪದ ಬರೆದರೆ ಉಪಯೋಗವಿಲ್ಲ. ಒಂದು ಪೂರ್ತಿ ಸಾಲು ಹೀಗಿರುತ್ತದೆ: "ವೈಫೈ ಚಿಪ್ ಒಬ್ಬರೇ ಪೂರೈಕೆದಾರರಿಂದ ಬರುತ್ತಿರುವುದರಿಂದ, ಅವರ ಕಡೆ ತಡವಾದರೆ ಪ್ರಾಯೋಗಿಕ ಉತ್ಪಾದನೆ ನಿಲ್ಲಬಹುದು. ಸೂಚನೆ: 14ನೇ ವಾರದೊಳಗೆ ಆರ್ಡರ್ ಖಚಿತಪತ್ರ ಬರದಿರುವುದು. ಆಗ ಮಾಡುವುದು: ಎರಡನೇ ಚಿಪ್‌ಗೆ ಹೊಂದುವ ಬೋರ್ಡ್ ವಿನ್ಯಾಸ ಕೈಗೆತ್ತಿಕೊಳ್ಳುವುದು. ಹೊಣೆ: ಖರೀದಿ ವಿಭಾಗದವರು." ಕಾರಣ, ಘಟನೆ, ಪರಿಣಾಮ, ಸೂಚನೆ, ಆಗ ಮಾಡುವುದು, ಹೊಣೆ ಆರೂ ಇದ್ದರೆ ಮಾತ್ರ ಆ ಸಾಲು ಕೆಲಸಕ್ಕೆ ಬರುತ್ತದೆ.

## ಕೆಲಸ ಮತ್ತು ನಿಗಾ: ಒಟ್ಟೊಟ್ಟಿಗೆ ನಡೆಯುವ ಎರಡು ಸಂಗತಿ

ಹಂತಗಳನ್ನು ಪಟ್ಟಿ ಮಾಡುವಾಗ ಕೆಲಸ ಆದ ಮೇಲೆ ನಿಗಾ ಅಂತ ಬರೆಯುವುದುಂಟು. ವಾಸ್ತವದಲ್ಲಿ ನಿಗಾ ಬೇರೆ ಹಂತವಲ್ಲ. ಅದು ಚಾರ್ಟರ್ ಸಹಿಯಾದ ದಿನದಿಂದ ಮುಕ್ತಾಯದ ಸಹಿಯವರೆಗೂ ನಡೆಯುತ್ತಿರುತ್ತದೆ.

ಭೌತಿಕ ಉಪಕರಣವಾದರೆ ಈ ಅವಧಿಯಲ್ಲಿ ಸಾಮಾನ್ಯವಾಗಿ ಮೂರು ಸುತ್ತು ಮಾದರಿಗಳನ್ನು ಕಟ್ಟುತ್ತಾರೆ. ಮೊದಲ ಸುತ್ತಿನಲ್ಲಿ ಇದು ಕೆಲಸ ಮಾಡುತ್ತದಾ ಅಂತ ನೋಡುತ್ತಾರೆ. ಎರಡನೇ ಸುತ್ತಿನಲ್ಲಿ ಹೇಳಿದ ಎಲ್ಲ ಗುಣಗಳೂ ಇವೆಯಾ ಅಂತ. ಮೂರನೇ ಸುತ್ತಿನಲ್ಲಿ ಕಾರ್ಖಾನೆಯ ಸಾಲಿನಲ್ಲಿ ಮತ್ತೆ ಮತ್ತೆ ಇದನ್ನೇ ತಯಾರಿಸಲು ಆಗುತ್ತದಾ ಅಂತ. ಪ್ರತಿ ಸುತ್ತಿನ ಕೊನೆಯಲ್ಲಿ ಒಂದು ಗೇಟ್. ಮುಂದೆ ಹೋಗಬೇಕಾ, ತಿದ್ದಿ ಮತ್ತೆ ಬರಬೇಕಾ, ಇಲ್ಲಿಗೇ ನಿಲ್ಲಿಸಬೇಕಾ? ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲದ ಗೇಟ್ ಬರೀ ಮೀಟಿಂಗ್ ಅಷ್ಟೇ.

ನಮ್ಮ ಉದಾಹರಣೆಯ ಎರಡನೇ ಸುತ್ತಿಗೆ ಬನ್ನಿ. ಬ್ಯಾಟರಿಯ ಸಾಮರ್ಥ್ಯ 1500 ಮಿಲಿಆ್ಯಂಪ್ ಅವರ್. 24 ತಿಂಗಳು ಅಂದರೆ ಸುಮಾರು 17,520 ಗಂಟೆ. ಭಾಗಿಸಿದರೆ ಉಪಕರಣ ಸರಾಸರಿ 85 ಮೈಕ್ರೋಆ್ಯಂಪ್‌ಗಿಂತ ಜಾಸ್ತಿ ಕರೆಂಟ್ ಎಳೆಯಬಾರದು. ಆದರೆ ಅಳತೆ ಮಾಡಿದಾಗ ಸಿಕ್ಕಿದ್ದು 120. ಅಂದರೆ ಬ್ಯಾಟರಿ ಬರುವುದು 12,500 ಗಂಟೆ, ಹದಿನೇಳು ತಿಂಗಳು ಮಾತ್ರ. ಕಾರಣ ಹುಡುಕಿದರೆ, ಉಪಕರಣ "ನಾನು ಬದುಕಿದ್ದೇನೆ" ಅಂತ ಪ್ರತಿ 15 ನಿಮಿಷಕ್ಕೊಮ್ಮೆ ಸರ್ವರ್‌ಗೆ ಸಂದೇಶ ಕಳಿಸುತ್ತಿದೆ. ಪ್ರತಿ ಸಲ ವೈಫೈ ಎಚ್ಚರವಾಗುವಾಗ ಬ್ಯಾಟರಿ ಕರಗುತ್ತದೆ.

ಈಗ ಮೂರು ದಾರಿ. ದೊಡ್ಡ ಬ್ಯಾಟರಿ ಹಾಕಬಹುದು, ಆದರೆ ಅಚ್ಚು ತಿದ್ದಬೇಕು, 6 ವಾರ ಹೋಗುತ್ತದೆ. ಡಬ್ಬದ ಮೇಲೆ 15 ತಿಂಗಳು ಅಂತ ಬರೆಯಬಹುದು, ಆಗ ಪ್ರಾಜೆಕ್ಟ್‌ಗೆ ಏನೂ ಆಗುವುದಿಲ್ಲ. ಆದರೆ ಪ್ರಾಡಕ್ಟ್‌ನ ಮುಖ್ಯ ಆಕರ್ಷಣೆಯೇ ಹೋಗುತ್ತದೆ. ಮೂರನೆಯದು, ಸಾಫ್ಟ್‌ವೇರ್ ಬದಲಿಸಿ ಆ ಸಂದೇಶವನ್ನು 6 ಗಂಟೆಗೊಮ್ಮೆ ಕಳಿಸುವ ಹಾಗೆ ಮಾಡುವುದು. ಸೋರಿಕೆಯ ಎಚ್ಚರಿಕೆ ಮಾತ್ರ ಮೊದಲಿನಂತೆ ತಕ್ಷಣ ಹೋಗುತ್ತದೆ. ಇದಕ್ಕೆ 2 ವಾರ ಸಾಕು. ಸರಾಸರಿ ಕರೆಂಟ್ 60ಕ್ಕೆ ಇಳಿದರೆ ಕಾಗದದ ಮೇಲೆ 34 ತಿಂಗಳು ಬರುತ್ತದೆ. ಬ್ಯಾಟರಿ ತನ್ನಷ್ಟಕ್ಕೆ ಸವೆಯುವುದನ್ನು, ಚಳಿಯಲ್ಲಿ ಕುಗ್ಗುವುದನ್ನು ಕಳೆದರೂ 24ಕ್ಕೆ ಸಾಕಷ್ಟು ಅಂತರ ಉಳಿಯುತ್ತದೆ.

ಮೂರನೇ ದಾರಿಯೇ ಸರಿ ಅಂತ ಮೇಲುನೋಟಕ್ಕೆ ಕಾಣುತ್ತದೆ. ಆದರೆ ಅದಕ್ಕೂ ಒಂದು ಬೆಲೆ ಇದೆ. ಉಪಕರಣ ಕೆಟ್ಟು ಸತ್ತುಹೋದರೆ ಮನೆಯವರಿಗೆ ಅದು 15 ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇನ್ನು ಮೇಲೆ 6 ಗಂಟೆ ಬೇಕಾಗಬಹುದು. ಇದನ್ನು ಒಪ್ಪಬೇಕಾದವರು ಪ್ರಾಜೆಕ್ಟ್ ಮ್ಯಾನೇಜರ್ ಅಲ್ಲ, ಪ್ರಾಡಕ್ಟ್ ಮ್ಯಾನೇಜರ್. ಮೊದಲನೆಯವರು 40 ವಾರದ ಮಾತು ಆಡುತ್ತಾರೆ. ಎರಡನೆಯವರು ಮುಂದಿನ ಏಳೆಂಟು ವರ್ಷ ಗ್ರಾಹಕರಿಗೆ ಉತ್ತರ ಕೊಡಬೇಕಾದವರು. ಎರಡು ಲೈಫ್ ಸೈಕಲ್‌ಗಳ ನಡುವಿನ ಎಳೆದಾಟ ದಿನನಿತ್ಯದ ಕೆಲಸದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

### ತಡವಾಗಿದೆ ಅಂತ ಬೇಗ ತಿಳಿಯುವುದು ಹೇಗೆ

20ನೇ ವಾರದ ಕೊನೆ. ಖರ್ಚು 48 ಪಾಲು ಆಗಿದೆ. ಪ್ಲಾನ್ ಪ್ರಕಾರ 50 ಪಾಲು ಆಗಬೇಕಿತ್ತು. ಉಳಿತಾಯ ಆಗಿದೆ ಅಂತ ಸಂತೋಷಪಡಬಹುದಾ? ಖರ್ಚನ್ನು ಮಾತ್ರ ನೋಡಿದರೆ ಇಲ್ಲಿ ಮೋಸ ಹೋಗುತ್ತೇವೆ. ಮೂರನೇ ಅಂಕಿ ಒಂದು ಬೇಕು: ನಿಜವಾಗಿ ಮುಗಿದ ತುಂಡುಗಳ ಬಜೆಟ್ ಬೆಲೆ ಎಷ್ಟು? ಅದು 42 ಪಾಲು ಅನ್ನಿ.

```
SPI = EV / PV = 42 / 50 = 0.84
CPI = EV / AC = 42 / 48 = 0.875
EAC = BAC / CPI = 100 / 0.875 ≈ 114
```

ಇಲ್ಲಿ PV ಅಂದರೆ ಇಷ್ಟರೊಳಗೆ ಆಗಬೇಕಿದ್ದ ಕೆಲಸದ ಬೆಲೆ, EV ಆಗಿರುವ ಕೆಲಸದ ಬೆಲೆ, AC ನಿಜವಾದ ಖರ್ಚು, BAC ಒಟ್ಟು ಬಜೆಟ್. SPI ಅಂದರೆ ಆಗಬೇಕಿದ್ದ ಕೆಲಸದಲ್ಲಿ ಎಷ್ಟು ಪಾಲು ಆಗಿದೆ ಅನ್ನುವುದು, CPI ಒಂದು ಪಾಲು ಖರ್ಚಿಗೆ ಎಷ್ಟು ಪಾಲು ಕೆಲಸ ಆಗಿದೆ ಅನ್ನುವುದು, EAC ಕೊನೆಗೆ ಆಗಬಹುದಾದ ಒಟ್ಟು ಖರ್ಚು. ಕೆಲಸ ಆಗಬೇಕಾದದ್ದರ ಶೇ. 84ರಷ್ಟೇ ಆಗಿದೆ. ಇದೇ ಗತಿಯಲ್ಲಿ ಹೋದರೆ 40 ವಾರದ ಕೆಲಸ ಸುಮಾರು 48 ವಾರ ಹಿಡಿಯುತ್ತದೆ, ಒಟ್ಟು ಖರ್ಚು 114 ಪಾಲಾಗುತ್ತದೆ.

ಈಗ ಇದನ್ನು ಪ್ರಾಡಕ್ಟ್‌ನ ಭಾಷೆಗೆ ತಿರುಗಿಸಿ. ಹಾಕಿದ ದುಡ್ಡು ಬರಲು 20,000 ಬದಲು ಸುಮಾರು 22,800 ಉಪಕರಣ ಮಾರಬೇಕು. ಅಂದಾಜಿನ ಮಾರಾಟದಲ್ಲಿ ಅದು ಎರಡನೇ ವರ್ಷದ ಒಂಬತ್ತನೇ ತಿಂಗಳಿಂದ ಹನ್ನೊಂದನೇ ತಿಂಗಳಿಗೆ ಹೋಗುತ್ತದೆ. ಮೇಲೆ ಎಂಟು ವಾರ ತಡವಾಗಿ ಮಾರುಕಟ್ಟೆಗೆ ಬಂದದ್ದು ಬೇರೆ. ಪ್ರಾಡಕ್ಟ್‌ಗೆ ಏಳೆಂಟು ವರ್ಷ ಆಯಸ್ಸು ಇದ್ದರೆ ಇದನ್ನು ತಡೆದುಕೊಳ್ಳಬಹುದು. ಎರಡೇ ವರ್ಷದಲ್ಲಿ ಹಳತಾಗುವ ವಸ್ತುವಾದರೆ ಇಲ್ಲಿಗೇ ನಿಲ್ಲಿಸುವ ಮಾತು ಎತ್ತಬೇಕು. ಅಂಕಿಗಳು ಅವೇ, ತೀರ್ಮಾನ ಬೇರೆ.

SPI ಬಗ್ಗೆ ಒಂದು ಎಚ್ಚರಿಕೆ. ಪ್ರಾಜೆಕ್ಟ್ ಎಷ್ಟೇ ತಡವಾಗಿ ಮುಗಿದರೂ ಕೊನೆಯಲ್ಲಿ ಈ ಅಂಕಿ 1ಕ್ಕೆ ಬಂದು ನಿಲ್ಲುತ್ತದೆ, ಯಾಕೆಂದರೆ ಆಗಬೇಕಾದ ಕೆಲಸವೆಲ್ಲ ಆಗಿರುತ್ತದೆ. ಹಾಗಾಗಿ ಕೊನೆಯ ಮೂರನೇ ಒಂದು ಭಾಗದಲ್ಲಿ ಇದನ್ನು ನಂಬಬೇಡಿ. ಕ್ರಿಟಿಕಲ್ ಪಾತ್‌ನ ದಿನಾಂಕಗಳನ್ನೇ ನೋಡಿ.

## "ಇದನ್ನೂ ಸೇರಿಸಿಬಿಡಿ" ಅಂದಾಗ

24ನೇ ವಾರದಲ್ಲಿ ಮಾರಾಟ ವಿಭಾಗದವರು ಬಂದು, ಉಷ್ಣತೆ ಅಳೆಯುವ ಸೆನ್ಸರ್ ಕೂಡ ಹಾಕಿ, ಪೈಪ್ ಒಳಗಿನ ನೀರು ಹೆಪ್ಪುಗಟ್ಟುವ ಮೊದಲೇ ಎಚ್ಚರಿಕೆ ಕೊಡಬಹುದು ಅನ್ನುತ್ತಾರೆ. ಒಳ್ಳೆಯ ಸಲಹೆಯೇ. ಲೆಕ್ಕ ಹಾಕಿದರೆ 3 ವಾರ, 6 ಪಾಲು ಖರ್ಚು.

ಪ್ರಾಜೆಕ್ಟ್ ಮಾತ್ರ ತಲೆಯಲ್ಲಿದ್ದರೆ ಉತ್ತರ ಹೌದು ಅಥವಾ ಇಲ್ಲ, ಎರಡೇ. ಪ್ರಾಡಕ್ಟ್‌ನ ಆಯಸ್ಸು ಕಣ್ಣಮುಂದಿದ್ದರೆ ಮೂರನೇ ಉತ್ತರ ಸಿಗುತ್ತದೆ: ಈಗ ಬೇಡ, ಎರಡನೇ ಆವೃತ್ತಿಗೆ. ಬೋರ್ಡ್ ಮೇಲೆ ಸೆನ್ಸರ್‌ಗೆ ಜಾಗ ಮಾತ್ರ ಬಿಟ್ಟಿಡಿ, ಅದಕ್ಕೆ ಖರ್ಚು ಹೆಚ್ಚಿಲ್ಲ. ಸಲಹೆಯನ್ನು ಪ್ರಾಡಕ್ಟ್ ಮ್ಯಾನೇಜರ್ ತಮ್ಮ ಪಟ್ಟಿಗೆ ಹಾಕಿಕೊಳ್ಳುತ್ತಾರೆ. ಕೇಳಿದವರಿಗೂ ತಮ್ಮ ಮಾತು ಕಸದ ಬುಟ್ಟಿಗೆ ಹೋಗಲಿಲ್ಲ ಅನ್ನುವ ಸಮಾಧಾನ. ಎರಡನೇ ಆವೃತ್ತಿ ಬರುತ್ತದೆ ಅನ್ನುವ ನಂಬಿಕೆ ಇಲ್ಲದ ಕಡೆ ಎಲ್ಲರೂ ಎಲ್ಲವನ್ನೂ ಮೊದಲನೆಯದಕ್ಕೇ ತುರುಕಲು ನೋಡುತ್ತಾರೆ. ಸ್ಕೋಪ್, ಅಂದರೆ ಒಪ್ಪಿಕೊಂಡ ಕೆಲಸದ ವ್ಯಾಪ್ತಿ, ಉಬ್ಬುವುದಕ್ಕೆ ನಾನು ಕಂಡ ಹಾಗೆ ಇದೇ ದೊಡ್ಡ ಕಾರಣ.

## ಮುಕ್ತಾಯ: ಹೇಗೆ ಮಾಡಬೇಕು, ಒಂದೊಂದಾಗಿ

ಪ್ರಾಜೆಕ್ಟ್‌ನ ಮುಕ್ತಾಯ ಅಂದರೆ ಕೊನೆಯ ಕೆಲಸ ಮುಗಿದದ್ದಲ್ಲ. ಅದೇ ಒಂದು ಕೆಲಸ. ನಮ್ಮ ಉದಾಹರಣೆಯಲ್ಲಿ ಇದಕ್ಕೆ ನಾಲ್ಕು ವಾರ ಇಟ್ಟಿದ್ದೇವೆ. ಈ ಕ್ರಮದಲ್ಲಿ ಹೋಗಿ.

ಮೊದಲು ಒಪ್ಪಿಗೆ. ಚಾರ್ಟರ್ ತೆಗೆದು, ಅಂದು ಬರೆದ ಮುಕ್ತಾಯದ ಷರತ್ತುಗಳನ್ನು ಒಂದೊಂದಾಗಿ ಓದಿ, ಎದುರಿಗೆ ಪುರಾವೆ ಇಡಿ. 200ರಲ್ಲಿ 197 ಪಾಸಾಗಿವೆ, ಇದು ವರದಿ. ಬ್ಯಾಟರಿ ಅಳತೆ, ಇದು ದಾಖಲೆ. ಸ್ಪಾನ್ಸರ್ ಮತ್ತು ಪ್ರಾಡಕ್ಟ್ ಮ್ಯಾನೇಜರ್ ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನ "ಚೆನ್ನಾಗಿದೆ" ಸಾಲದು.

ಆಮೇಲೆ ಉಳಿದ ದೋಷಗಳ ಪಟ್ಟಿ. ದೋಷವೇ ಇಲ್ಲದ ಹಸ್ತಾಂತರ ಅಪರೂಪ. ಮುಚ್ಚಿಡದೆ ಬರೆಯಿರಿ, ಪ್ರತಿಯೊಂದರ ಎದುರು ಯಾರು ಸರಿಪಡಿಸುತ್ತಾರೆ, ಯಾರ ಬಜೆಟ್‌ನಿಂದ ಅಂತ ಹಾಕಿ. ಪಾಸಾಗದ ಆ ಮೂರು ಉಪಕರಣಗಳಲ್ಲಿ ರಬ್ಬರ್ ಸೀಲ್ ಸರಿಯಾಗಿ ಕೂತಿರಲಿಲ್ಲ ಅಂತಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಒಂದು ತಪಾಸಣೆ ಹೆಚ್ಚಿಸಬೇಕು. ಅದು ಇನ್ನು ಉತ್ಪಾದನಾ ವಿಭಾಗದ ಕೆಲಸ, ಪ್ರಾಜೆಕ್ಟ್‌ನದ್ದಲ್ಲ. ಇದು ಸಹಿಗೆ ಮೊದಲೇ ತೀರ್ಮಾನವಾಗಬೇಕು.

ಮೂರನೆಯದು ನಿಜವಾದ ಹಸ್ತಾಂತರ. ದಾಖಲೆಗಳ ಫೋಲ್ಡರ್ ಕಳಿಸಿ "ಎಲ್ಲ ಇದರಲ್ಲಿದೆ" ಅನ್ನುವುದು ಹಸ್ತಾಂತರವಲ್ಲ. ಮುಂದೆ ನಡೆಸುವವರು ನಿಮ್ಮ ಎದುರೇ ಆ ಕೆಲಸ ಮಾಡಿ ತೋರಿಸಬೇಕು. ಸಹಾಯವಾಣಿಯವರು ನಿಜವಾದ ದೂರೊಂದನ್ನು ತೆಗೆದುಕೊಂಡು ಕೊನೆಮುಟ್ಟಿಸಲಿ. ಸಾಫ್ಟ್‌ವೇರ್ ನೋಡಿಕೊಳ್ಳುವವರು ಒಂದು ಸಣ್ಣ ಅಪ್‌ಡೇಟ್ ತಯಾರಿಸಿ, ಕೆಲವು ಉಪಕರಣಗಳಿಗೆ ಕಳಿಸಿ, ಬೇಕಾದರೆ ಹಿಂದಕ್ಕೂ ತರಲಿ. ಆಗ ಗೊತ್ತಾಗುತ್ತದೆ, ಪಾಸ್‌ವರ್ಡ್ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ, ಸರ್ವರ್‌ನ ಪ್ರಮಾಣಪತ್ರ ಮುಂದಿನ ವರ್ಷ ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ತಿಳಿದಿಲ್ಲ, ಆ್ಯಪ್ ಸ್ಟೋರ್ ಖಾತೆ ಹೊರಗಿನ ಗುತ್ತಿಗೆದಾರರ ಹೆಸರಿನಲ್ಲಿದೆ ಅಂತೆಲ್ಲ. ಟೀಮ್ ಇನ್ನೂ ಕೈಗೆ ಸಿಗುವಾಗ ಗೊತ್ತಾದರೆ ಒಂದು ಫೋನ್ ಕರೆಯಲ್ಲಿ ಬಗೆಹರಿಯುತ್ತದೆ.

ನಾಲ್ಕನೆಯದು ಖರ್ಚಿನ ಹಸ್ತಾಂತರ. ಇದನ್ನು ಮರೆಯುವವರೇ ಜಾಸ್ತಿ. ಸರ್ವರ್ ಬಾಡಿಗೆ, ಸಂದೇಶ ಸೇವೆಯ ಶುಲ್ಕ, ಹೊಸ ಫೋನ್‌ಗಳು ಬಂದ ಹಾಗೆ ಆ್ಯಪ್ ತಿದ್ದುವ ಕೆಲಸ, ಇವೆಲ್ಲ ಇಷ್ಟು ದಿನ ಪ್ರಾಜೆಕ್ಟ್ ಬಜೆಟ್‌ನಿಂದ ಹೋಗುತ್ತಿದ್ದವು. ಪ್ರಾಜೆಕ್ಟ್ ಖಾತೆ ಮುಚ್ಚಿದ ದಿನ ಇವಕ್ಕೆ ಇನ್ನೊಂದು ಖಾತೆಯಲ್ಲಿ ಜಾಗ ಇರಬೇಕು. ಮಾರಿದ ಉಪಕರಣ ಒಮ್ಮೆ ಮಾತ್ರ ದುಡ್ಡು ತರುತ್ತದೆ, ಆದರೆ ಅದರ ಸರ್ವರ್ ಖರ್ಚು ಅದು ಬದುಕಿರುವಷ್ಟು ವರ್ಷವೂ ಇರುತ್ತದೆ. ಬಿಸಿನೆಸ್ ಕೇಸ್‌ನಲ್ಲಿ ಈ ಸಾಲು ಇರಲಿಲ್ಲ ಅಂದರೆ ಇಲ್ಲಿಯಾದರೂ ಸೇರಿಸಲೇಬೇಕು.

ಉಳಿದವು ಬೇಗ ಮುಗಿಯುತ್ತವೆ. ಗುತ್ತಿಗೆಗಳನ್ನು ಮುಚ್ಚಿ, ತಡೆಹಿಡಿದ ಹಣ ಕೊಟ್ಟು, ರಸೀದಿ ಪಡೆಯುವುದು. ಟೀಮ್‌ನವರನ್ನು ಬಿಡುಗಡೆ ಮಾಡುವುದು. ಕಲಿತದ್ದನ್ನು ಬರೆದಿಡುವುದು. ಕಲಿತ ಪಾಠ ಬರೆಯುವಾಗ "ಸಂವಹನ ಉತ್ತಮವಾಗಬೇಕು" ಅಂತ ಬರೆಯಬೇಡಿ, ಅದರಿಂದ ಯಾರೂ ಏನೂ ಮಾಡಲಾರರು. "ಸರಾಸರಿ ಕರೆಂಟನ್ನು ಎರಡನೇ ಸುತ್ತಿನವರೆಗೆ ಕಾಯದೆ ಮೊದಲ ಸುತ್ತಿನ ಮಾದರಿಯಲ್ಲೇ ಅಳೆಯಿರಿ, ಅಚ್ಚಿನ ಆರ್ಡರ್‌ಗೆ ಮೊದಲು" ಅಂತ ಬರೆದರೆ ಮುಂದಿನ ಪ್ರಾಜೆಕ್ಟ್‌ನವರು ಅದನ್ನು ನೇರವಾಗಿ ತಮ್ಮ ಪ್ಲಾನ್‌ಗೆ ಹಾಕಿಕೊಳ್ಳಬಹುದು.

ಮಧ್ಯದಲ್ಲೇ ನಿಲ್ಲಿಸಿದ ಪ್ರಾಜೆಕ್ಟ್‌ಗೂ ಮುಕ್ತಾಯ ಬೇಕು. ಯಾಕೆ ನಿಲ್ಲಿಸಿದೆವು, ಎಲ್ಲಿಯವರೆಗೆ ಬಂದಿತ್ತು, ಏನೇನು ಮತ್ತೆ ಬಳಸಬಹುದು ಅಂತ ಒಂದು ಪುಟ ಇಡದೆ ಹೋದರೆ ಎರಡು ವರ್ಷದಲ್ಲಿ ಅದೇ ವಿಚಾರ ಬೇರೆಯವರ ಕೈಯಲ್ಲಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಮುಕ್ತಾಯ ಸರಿಯಾಗಿಲ್ಲ ಅಂತ ತಿಳಿಯುವ ಗುರುತು ಸುಲಭ. ಪ್ರಾಜೆಕ್ಟ್ ಮುಗಿದು ಮೂರು ತಿಂಗಳಾದ ಮೇಲೂ ಗ್ರಾಹಕರ ದೂರು ಬಂದಾಗ ಫೋನ್ ಹೋಗುವುದು ಹಳೆಯ ಪ್ರಾಜೆಕ್ಟ್ ಮ್ಯಾನೇಜರ್‌ಗೆ.

## ಮುಗಿದ ದಿನ ಸೋತ ಪ್ರಾಜೆಕ್ಟ್, ಆಮೇಲೆ ಗೆದ್ದ ಪ್ರಾಡಕ್ಟ್

ಪ್ರಾಜೆಕ್ಟ್ ಗೆದ್ದಿತಾ ಅಂತ ಮುಕ್ತಾಯದ ದಿನವೇ ಹೇಳಬಹುದು: ಸಮಯ, ಖರ್ಚು, ಗುಣ. ಪ್ರಾಡಕ್ಟ್ ಗೆದ್ದಿತಾ ಅಂತ ಅಂದು ಹೇಳಲು ಬರುವುದಿಲ್ಲ. ಸಿಡ್ನಿಯ ಆಪೆರಾ ಹೌಸ್‌ನ ವಿನ್ಯಾಸ ಆಯ್ಕೆಯಾದದ್ದು 1957ರಲ್ಲಿ. 1963ಕ್ಕೆ ಮುಗಿಯಬೇಕಿತ್ತು, ಬಾಗಿಲು ತೆರೆದದ್ದು 1973ರಲ್ಲಿ. ಖರ್ಚಿನ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಆದದ್ದು 10 ಕೋಟಿ 20 ಲಕ್ಷ. ಪ್ರಾಜೆಕ್ಟ್ ಅಂತ ನೋಡಿದರೆ ಇದಕ್ಕಿಂತ ಕೆಟ್ಟ ಲೆಕ್ಕ ಸಿಗುವುದು ಕಷ್ಟ. ಆದರೆ 2007ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಇಂದಿಗೂ ಆ ನಗರದ ಗುರುತೇ ಅದು. ಇದು ತಡವನ್ನು ಸಮರ್ಥಿಸುವುದಕ್ಕೆ ಹೇಳುವ ಮಾತಲ್ಲ. ಎರಡು ಯಶಸ್ಸುಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಅಳತೆಯಲ್ಲಿ ನೋಡಬೇಕು ಅಷ್ಟೇ.

ಅದಕ್ಕೇ ಮುಕ್ತಾಯದ ಸಮಯದಲ್ಲೇ ಇನ್ನೊಂದು ದಿನಾಂಕ ಗೊತ್ತು ಮಾಡಿ: ಆರು ತಿಂಗಳು ಅಥವಾ ವರ್ಷದ ನಂತರ ಲಾಭದ ಪರಿಶೀಲನೆ. 8,000 ಹೋಗಬೇಕಿತ್ತು, ಎಷ್ಟು ಹೋದವು? ವಾಪಸ್ ಬಂದವು ಎಷ್ಟು? ಪ್ರಾಜೆಕ್ಟ್ ಟೀಮ್ ಅಷ್ಟು ಹೊತ್ತಿಗೆ ಚದುರಿರುತ್ತದೆ, ಹಾಗಾಗಿ ಇದು ಪ್ರಾಡಕ್ಟ್ ಮ್ಯಾನೇಜರ್ ಕ್ಯಾಲೆಂಡರ್‌ನಲ್ಲಿರಬೇಕು.

## ಒಂದು ಪ್ರಾಡಕ್ಟ್, ಅದರೊಳಗೆ ಹಲವು ಪ್ರಾಜೆಕ್ಟ್

ಪ್ರಾಡಕ್ಟ್‌ನ ಆಯಸ್ಸನ್ನು ಪರಿಚಯ, ಬೆಳವಣಿಗೆ, ಪಕ್ವತೆ, ಇಳಿಕೆ ಅಂತ ನಾಲ್ಕಾಗಿ ನೋಡುತ್ತಾರೆ. ನಾವು ಇಲ್ಲಿಯವರೆಗೆ ಮಾಡಿದ 40 ವಾರದ ಕೆಲಸ ಈ ನಾಲ್ಕರಲ್ಲಿ ಯಾವುದರಲ್ಲೂ ಬರುವುದಿಲ್ಲ. ಅದು ಪರಿಚಯಕ್ಕೂ ಮೊದಲು, ಮಾರಾಟ ಸೊನ್ನೆ ಇರುವಾಗ ನಡೆದದ್ದು. ಹಾಗಂತ ಮುಂದೆ ಪ್ರಾಜೆಕ್ಟ್‌ಗಳು ಇಲ್ಲವೆಂದಲ್ಲ, ಪ್ರತಿ ಹಂತವೂ ತನ್ನದೇ ತರದ ಪ್ರಾಜೆಕ್ಟ್ ಹುಟ್ಟಿಸುತ್ತದೆ.

ವಿಂಡೋಸ್ ಎಕ್ಸ್‌ಪಿಯನ್ನೇ ನೋಡಿ. ಅದು ಮಾರಾಟಕ್ಕೆ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ನಡುವೆ 2002, 2004 ಮತ್ತು 2008ರಲ್ಲಿ ಮೂರು ಸರ್ವಿಸ್ ಪ್ಯಾಕ್, ಅಂದರೆ ಅಪ್‌ಡೇಟ್‌ಗಳ ದೊಡ್ಡ ಕಂತೆಗಳು, ಬಂದವು. ಒಂದೊಂದಕ್ಕೂ ತನ್ನದೇ ಶುರು, ತನ್ನದೇ ಪರೀಕ್ಷೆ, ತನ್ನದೇ ಕೊನೆ ಇತ್ತು. ಪ್ರಾಡಕ್ಟ್ ಮಾತ್ರ ಒಂದೇ.

ನಮ್ಮ ಉಪಕರಣದಲ್ಲಿ ಪರಿಚಯದ ಕಾಲದ ಪ್ರಾಜೆಕ್ಟ್ ದೋಷ ಸರಿಪಡಿಸುವುದು. ಬೆಳವಣಿಗೆಯಲ್ಲಿ ಉಷ್ಣತೆ ಸೆನ್ಸರ್ ಇರುವ ಎರಡನೇ ಆವೃತ್ತಿ, ಇನ್ನೊಂದು ಉತ್ಪಾದನಾ ಸಾಲು. ಪಕ್ವತೆಯಲ್ಲಿ ಹೊಸ ಗ್ರಾಹಕರು ಕಡಿಮೆಯಾಗಿ ಪೈಪೋಟಿ ಬೆಲೆಯ ಮೇಲೆ ನಿಲ್ಲುತ್ತದೆ. ಆಗ ಹೊಸ ಗುಣ ಸೇರಿಸುವ ಪ್ರಾಜೆಕ್ಟ್‌ಗಿಂತ ತಯಾರಿಕೆಯ ಖರ್ಚು ಇಳಿಸುವ ಪ್ರಾಜೆಕ್ಟ್ ಜಾಸ್ತಿ ಕೊಡುತ್ತದೆ. ಹಾಗಾಗಿ ಹೊಸ ಪ್ರಾಜೆಕ್ಟ್‌ಗೆ ಒಪ್ಪಿಗೆ ಕೊಡುವ ಮೊದಲು ಪ್ರಾಡಕ್ಟ್ ಯಾವ ಹಂತದಲ್ಲಿದೆ ಅಂತ ಕೇಳಬೇಕು.

ಆದರೆ ಮಾರಾಟದ ಈ ಗೆರೆಗೆ ಒಂದು ಮಿತಿ ಇದೆ. ಇದು ಹಿಂತಿರುಗಿ ನೋಡಿದಾಗ ಸ್ಪಷ್ಟ, ನಡುವೆ ನಿಂತಾಗ ಅಲ್ಲ. ಎರಡು ತ್ರೈಮಾಸಿಕ ಮಾರಾಟ ಇಳಿದರೆ ಇಳಿಕೆ ಶುರುವಾಯಿತು ಅಂತ ಪ್ರಚಾರ, ಸುಧಾರಣೆ ಎಲ್ಲ ನಿಲ್ಲಿಸಿದರೆ, ಆ ನಿಲ್ಲಿಸಿದ್ದರಿಂದಲೇ ಇಳಿಕೆ ನಿಜವಾಗುತ್ತದೆ. ಮೊದಲು ಬೇರೆ ಕಾರಣ ನೋಡಿ. ಇಡೀ ಮಾರುಕಟ್ಟೆಯೇ ಇಳಿದಿದೆಯಾ, ಇಲ್ಲ ನಮ್ಮದು ಮಾತ್ರವಾ? ಅಂಗಡಿಗಳಲ್ಲಿ ಸ್ಟಾಕ್ ಇಲ್ಲದೆ ಮಾರಾಟ ನಿಂತಿದೆಯಾ? ಹಳೆಯ ಗ್ರಾಹಕರು ಮತ್ತೆ ಕೊಳ್ಳುತ್ತಿದ್ದಾರಾ? ಈ ಮೂರಕ್ಕೂ ಉತ್ತರ ಸಿಗದೆ "ಇಳಿಕೆ" ಅನ್ನುವ ಹಣೆಪಟ್ಟಿ ಹಚ್ಚಬೇಡಿ.

## ಪ್ರಾಡಕ್ಟ್ ನಿಲ್ಲಿಸುವುದಕ್ಕೂ ಚಾರ್ಟರ್ ಬೇಕು

ಇಳಿಕೆ ನಿಜವೇ ಆದಾಗ ಸುಮ್ನೆ ಮಾರುವುದನ್ನು ಬಿಟ್ಟರೆ ಆಗುವುದಿಲ್ಲ. ಮನೆಮನೆಗಳಲ್ಲಿ ಸಾವಿರಾರು ಉಪಕರಣ ಇನ್ನೂ ಕೆಲಸ ಮಾಡುತ್ತಿರುತ್ತವೆ. ಸರ್ವರ್ ನಿಂತ ಕ್ಷಣ ಅವು ಫೋನಿಗೆ ಸಂದೇಶ ಕಳಿಸುವುದು ನಿಲ್ಲುತ್ತದೆ, ಮನೆಯವರಿಗೆ ಮಾತ್ರ ಕಾವಲು ಇದೆ ಅನ್ನುವ ನಂಬಿಕೆ ಹಾಗೇ ಇರುತ್ತದೆ. ಹಾಗಾಗಿ ನಿಲ್ಲಿಸುವುದೂ ಒಂದು ಪ್ರಾಜೆಕ್ಟ್. ಅದಕ್ಕೆ ಸ್ಪಾನ್ಸರ್, ಬಜೆಟ್, ಮುಕ್ತಾಯದ ಷರತ್ತು ಎಲ್ಲ ಬೇಕು.

ಇದರಲ್ಲಿ ಮೂರು ದಿನಾಂಕಗಳನ್ನು ಬೇರೆ ಬೇರೆಯಾಗಿ ತೀರ್ಮಾನಿಸಿ ಮೊದಲೇ ಪ್ರಕಟಿಸಿ: ಮಾರಾಟ ನಿಲ್ಲುವ ದಿನ, ರಿಪೇರಿ ಮತ್ತು ಭದ್ರತಾ ಅಪ್‌ಡೇಟ್ ನಿಲ್ಲುವ ದಿನ, ಸರ್ವರ್ ನಿಲ್ಲಿಸುವ ದಿನ. ಎರಡನೆಯದು ಕೊನೆಯ ಉಪಕರಣ ಮಾರಿದ ದಿನದಿಂದ ಕನಿಷ್ಠ ಅದರ ವಾರಂಟಿ ಮುಗಿಯುವವರೆಗೆ ಇರಬೇಕು. ಬಿಡಿಭಾಗಗಳ ತಯಾರಕರು ಅದಕ್ಕೂ ಮೊದಲೇ ನಿಲ್ಲಿಸುವುದಾದರೆ, ಉಳಿದ ವರ್ಷಗಳ ರಿಪೇರಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಕೊನೆಯ ಖರೀದಿ ಮಾಡಿಡಿ. ಸರ್ವರ್ ನಿಲ್ಲಿಸುವ ಮೊದಲು ಉಪಕರಣಗಳಿಗೆ ಕೊನೆಯದೊಂದು ಅಪ್‌ಡೇಟ್ ಕಳಿಸಿ, ಫೋನ್ ಸಂದೇಶ ಇಲ್ಲದಿದ್ದರೂ ಸೋರಿದಾಗ ಕೂಗುವ ಕೆಲಸ ಮುಂದುವರಿಯುವ ಹಾಗೆ ಮಾಡಿ. ಗ್ರಾಹಕರ ಮಾಹಿತಿ ಅಳಿಸಿದ ದಾಖಲೆ ಇಡಿ.

ಈ ಕೊನೆಯ ಪ್ರಾಜೆಕ್ಟ್‌ನ ಮುಕ್ತಾಯ ಪತ್ರದಲ್ಲಿ ಒಂದು ವ್ಯತ್ಯಾಸ ಇರುತ್ತದೆ. "ಮುಂದೆ ಯಾರ ಹೊಣೆ" ಅನ್ನುವ ಜಾಗದಲ್ಲಿ ಹೆಸರು ಬರೆಯಬೇಕಾಗಿಲ್ಲ. ಸರ್ವರ್ ಖಾತೆ ಮುಚ್ಚಿದ ಖಚಿತಪತ್ರ, ಮಾಹಿತಿ ಅಳಿಸಿದ ದಾಖಲೆ, ವಾರಂಟಿಯಲ್ಲಿ ಬಾಕಿ ಇರುವ ದೂರು ಸೊನ್ನೆ ಅನ್ನುವ ವರದಿ, ಈ ಮೂರೂ ಅದಕ್ಕೆ ಲಗತ್ತಾಗಿದ್ದರೆ ಸ್ಪಾನ್ಸರ್ ಸಹಿ ಹಾಕಬಹುದು.